ಅಪ್ಪನ ಕೋಲ್ ಇಂಡಿಯಾ ಷೇರು: ತಮ್ಮನ ಲೆಕ್ಕ ಸರಿನಾ, ಅಪ್ಪನ ಲೆಕ್ಕ ಸರಿನಾ?

ಸುಮಾ_ಹಾಸನ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ನಡೀತಾ ಇದೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಅಪ್ಪ ನಿವೃತ್ತ ಮೇಷ್ಟ್ರು. 2010ರಲ್ಲಿ ಕೋಲ್ ಇಂಡಿಯಾ ಐಪಿಒ ಬಂದಾಗ ಅವರಿಗೆ 100 ಷೇರು ಸಿಕ್ಕಿತ್ತು. ಬೆಲೆ 245. ಸಣ್ಣ ಹೂಡಿಕೆದಾರರಿಗೆ ಶೇ 5 ರಿಯಾಯಿತಿ ಕೊಟ್ಟಿದ್ದರಿಂದ 232.75ಕ್ಕೆ ಬಿತ್ತು. ಒಟ್ಟು 23,275 ರೂಪಾಯಿ. ಇವತ್ತಿನವರೆಗೂ ಒಂದು ಷೇರೂ ಮಾರಿಲ್ಲ.

ಈಗ ತಮ್ಮ ಅಪ್ಪನ ಷೇರುಗಳನ್ನೆಲ್ಲ ಒಂದು ಶೀಟ್‌ಗೆ ಹಾಕಿದ್ದಾನೆ. ಕೋಲ್ ಇಂಡಿಯಾ ಮುಂದೆ ಎರಡು ಸಾಲು ಬರೆದಿದ್ದಾನೆ. ಮಾರ್ಚ್ 2021ರಲ್ಲಿ ಬೆಲೆ ಸುಮಾರು 130, ಅಂದ್ರೆ ಶೇ 44 ನಷ್ಟ. ಮಾರ್ಚ್ 2025ರಲ್ಲಿ ಸುಮಾರು 400, ಅಂದ್ರೆ ಹದಿನಾಲ್ಕು ವರ್ಷಕ್ಕೆ ಶೇ 72 ಲಾಭ, ವರ್ಷಕ್ಕೆ ಶೇ 4 ಕೂಡ ಇಲ್ಲ. "ಎಫ್‌ಡಿ ಇಟ್ಟಿದ್ರೆ ವಾಸಿ ಇತ್ತು, ಮಾರಿಬಿಡಿ" ಅಂತಾನೆ. ಅಪ್ಪನಿಗೆ ಬೇಜಾರು. "ವರ್ಷಾ ವರ್ಷಾ ದುಡ್ಡು ಬಂದಿದೆಯಲ್ಲ, ಅದನ್ನ ಯಾಕೆ ಬರೆದಿಲ್ಲ?" ಅಂತ ಕೇಳ್ತಾರೆ. ತಮ್ಮ ಅದಕ್ಕೆ "ಅದು ಖರ್ಚಾಗಿ ಹೋಯ್ತಲ್ಲಪ್ಪ" ಅಂತಾನೆ.

ಯಾರು ಸರಿ?

ಗುರು_ಹುಬ್ಬಳ್ಳಿ

ನಿಮ್ಮ ಅಪ್ಪಾರು ಹೇಳೋದು ಸರಿ ಐತ್ರಿ. ಕೋಲ್ ಇಂಡಿಯಾ ಅಂದ್ರೆ ಡಿವಿಡೆಂಡ್ ಷೇರು, ಲಾಭದಾಗಿನ ಪಾಲು ರೊಕ್ಕದಾಗ ಕೊಡ್ತಾರ. 2024-25ಕ್ಕೆ ಒಟ್ಟು 26.50 ಕೊಟ್ಟಾರ. ನಿಮ್ಮ ಅಪ್ಪಾರು ಕೊಂಡದ್ದು 232.75ಕ್ಕೆ. ಬೆಲೆಗೆ ಡಿವಿಡೆಂಡ್ ಶೇಕಡಾ ಎಷ್ಟು ಅನ್ನೋ ಯೀಲ್ಡ್ ಶೇ 11ರ ಮೇಲೆ ಆತು. ಯಾವ ಎಫ್‌ಡಿ ಶೇ 11 ಕೊಡ್ತದ ಹೇಳ್ರಿ? ಬೆಲೆ ಏರಲಿ ಇಳೀಲಿ, ಅದು ಪುಕ್ಕಟೆ ಬರೋ ರೊಕ್ಕ. ಮಾರಬ್ಯಾಡ್ರಿ.

ಕಡಲತೀರ_ಕುಂದಾಪುರ

ಪುಕ್ಕಟೆ ಅಂತ ಯಾವುದೂ ಇಲ್ಲ ಮಾರಾಯ್ರೆ. ಎಕ್ಸ್-ಡೇಟ್ ಅಂದರೆ ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗದ ದಿನ, ಅವತ್ತು ಬೆಳಿಗ್ಗೆ ನೋಡಿ. ಎಷ್ಟು ಡಿವಿಡೆಂಡ್ ಘೋಷಿಸಿದ್ದಾರೋ ಹೆಚ್ಚುಕಡಿಮೆ ಅಷ್ಟೇ ಬೆಲೆ ಕೆಳಗೆ ತೆರೆದುಕೊಳ್ಳುತ್ತದೆ. 300ರ ಷೇರಿಗೆ 15 ಕೊಟ್ಟರೆ ಕೈಯಲ್ಲಿ 15, ಷೇರು 285. ಎಡಗೈಯಿಂದ ಬಲಗೈಗೆ ಹೋಯಿತು ಅಷ್ಟೆ. ಹಾಗಾಗಿ ಡಿವಿಡೆಂಡನ್ನು ಲೆಕ್ಕಕ್ಕೇ ಹಿಡಿಯಬಾರದು ಅಂತ ನನ್ನ ಅಭಿಪ್ರಾಯ. ತಮ್ಮನ ಶೀಟ್ ಸರಿ ಇದೆ.

ಲೆಕ್ಕದ_ಮನೆ

ಮೂವತ್ತು ವರ್ಷ ಅಕೌಂಟ್ಸ್ ವಿಭಾಗದಲ್ಲಿ ಇದ್ದವನು, ಸುಮ್ನೆ ಇರೋಕೆ ಆಗ್ತಿಲ್ಲ. ಉದ್ದ ಆಗುತ್ತೆ, ಕ್ಷಮಿಸಿ.

ಕುಂದಾಪುರದವರು ಹೇಳಿದ ಮೊದಲರ್ಧ ನಿಜ. ಎಕ್ಸ್-ಡೇಟ್ ದಿನ ಬೆಲೆಯಿಂದ ಡಿವಿಡೆಂಡ್ ಕಳೆದು ಹೋಗುತ್ತೆ. ಆದರೆ ಅದರಿಂದ ಬರೋ ತೀರ್ಮಾನ ಅವರು ಹೇಳಿದ್ದಕ್ಕೆ ಉಲ್ಟಾ. ಬೆಲೆಯಿಂದ 15 ರೂಪಾಯಿ ಹೊರಗೆ ಹೋಗಿದೆ, ನಿಮ್ಮ ಬ್ಯಾಂಕ್ ಖಾತೆಗೆ ಬಂದಿದೆ. ಬರೀ ಬೆಲೆ ನೋಡಿದರೆ ಹೋಗಿದ್ದು ಮಾತ್ರ ಕಾಣುತ್ತೆ, ಬಂದಿದ್ದು ಕಾಣಲ್ಲ. ಒಂದು ಸಲ ಆದರೆ ಪರವಾಗಿಲ್ಲ. ಹದಿನಾಲ್ಕು ವರ್ಷ ಹೀಗೇ ಬಿಟ್ಟರೆ ದೊಡ್ಡ ಮೊತ್ತ ಲೆಕ್ಕದಿಂದ ಜಾರಿ ಹೋಗುತ್ತೆ.

ಸುಮಾ ಅವರ ಅಪ್ಪನ ವಿಷಯಕ್ಕೇ ಬರೋಣ. ಕಂಪನಿ ಒಂದು ಷೇರಿಗೆ ಕೊಟ್ಟದ್ದು ಹೀಗಿದೆ. 2010-11ಕ್ಕೆ 3.90. ಮುಂದಿನ ವರ್ಷ 10, ಅದರ ಮುಂದೆ 14. 2013-14ಕ್ಕೆ ಒಂದೇ ಏಟಿಗೆ 29. ಆಮೇಲೆ 20.70, 27.40, 19.90, 16.50, 13.10, 12. 2020-21ರ ಲೆಕ್ಕಕ್ಕೆ ಮಾರ್ಚ್ ಒಳಗೆ ಬಂದದ್ದು 12.50. ಎಲ್ಲ ಕೂಡಿದರೆ 179 ರೂಪಾಯಿ. 100 ಷೇರಿಗೆ 17,900.

ಅಂದ್ರೆ ಮಾರ್ಚ್ 2021ರಲ್ಲಿ ಅಪ್ಪನ ಹತ್ತಿರ 13,000 ರೂಪಾಯಿಯ ಷೇರು ಇತ್ತು, ಅಷ್ಟು ಹೊತ್ತಿಗೆ 17,900 ನಗದು ಕೈಗೆ ಬಂದಿತ್ತು. ಒಟ್ಟು 30,900. ಹಾಕಿದ್ದು 23,275. ಶೇ 44 ನಷ್ಟ ಅನ್ನೋ ಸಾಲು ತಪ್ಪು. ಆಗಿದ್ದು 7,625 ರೂಪಾಯಿ ಲಾಭ.

ಹಾಗಂತ ಅಪ್ಪ ಪೂರ್ತಿ ಗೆದ್ದರು ಅಂತಲೂ ಹೇಳೋಕಾಗಲ್ಲ. ಯಾವ ಹಣ ಯಾವಾಗ ಬಂತು ಅಂತ ತಾರೀಖು ಹಾಕಿ ನೋಡಿದರೆ ವರ್ಷಕ್ಕೆ ಶೇ 4ರ ಹತ್ತಿರ ಬರುತ್ತೆ. ಆ ಕಾಲಕ್ಕೆ ಬ್ಯಾಂಕಿನಲ್ಲಿ ಶೇ 8ರ ಆಸುಪಾಸು ಸಿಗ್ತಿತ್ತು. ಮಾರ್ಚ್ 2021ಕ್ಕೆ ನಿಂತು ನೋಡಿದರೆ ನಷ್ಟ ಆಗಿಲ್ಲ, ಆದರೆ ಎಫ್‌ಡಿಗಿಂತ ಕಡಿಮೆ. ಇಬ್ಬರದ್ದೂ ಅರ್ಧ ಸರಿ.

ಮಾರ್ಚ್ 2025ಕ್ಕೆ ಬಂದರೆ ಕಥೆ ಬದಲಾಗುತ್ತೆ. ನಡುವಿನ ನಾಲ್ಕು ವರ್ಷದಲ್ಲಿ ಇನ್ನೂ 91 ರೂಪಾಯಿ ಚಿಲ್ಲರೆ ಬಂದಿದೆ. ನಗದು ಸುಮಾರು 27,000, ಷೇರು 40,000. ಒಟ್ಟು 67,000. ತಾರೀಖು ಹಾಕಿ ನೋಡಿದರೆ ವರ್ಷಕ್ಕೆ ಶೇ 10ರ ಮೇಲೆ. ತಮ್ಮನ ಶೀಟ್‌ನಲ್ಲಿ ಶೇ 4 ಕೂಡ ಇಲ್ಲ. ಅರ್ಧಕ್ಕಿಂತ ಜಾಸ್ತಿ ಗಳಿಕೆ ಶೀಟ್‌ನ ಹೊರಗೇ ಉಳಿದಿದೆ.

ಸುಮಾ_ಹಾಸನ

ಸರ್, ತುಂಬಾ ಧನ್ಯವಾದ. ಈ "ತಾರೀಖು ಹಾಕಿ ನೋಡೋದು" ಹೇಗೆ? ನಾನು ಒಟ್ಟು ಲಾಭವನ್ನ ವರ್ಷಗಳಿಂದ ಭಾಗಿಸಿದೆ. ಬೇರೆ ಉತ್ತರ ಬಂತು.

ಲೆಕ್ಕದ_ಮನೆ

ಭಾಗಿಸಬೇಡಿ ಅಮ್ಮ. 2014ರ ಜನವರಿಯಲ್ಲಿ ಬಂದ 2,900 ರೂಪಾಯಿಗೂ 2025ರಲ್ಲಿ ಬಂದ 2,900ಕ್ಕೂ ತೂಕ ಬೇರೆ. ಶೀಟ್‌ನಲ್ಲಿ ಮೊದಲ ಕಾಲಂಗೆ ತಾರೀಖು, ಎರಡನೆಯದಕ್ಕೆ ಮೊತ್ತ ಹಾಕಿ. ಕೊಂಡ ದಿನದ 23,275ನ್ನು ಮೈನಸ್‌ನಲ್ಲಿ ಬರೆಯಿರಿ. ಡಿವಿಡೆಂಡ್ ಬಂದಾಗಲೆಲ್ಲ ಒಂದು ಸಾಲು ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತು ಷೇರು ಮಾರಿದರೆ ಎಷ್ಟು ಬರುತ್ತೋ ಅದು, ಇವತ್ತಿನ ತಾರೀಖಿನ ಜೊತೆ. ಆಮೇಲೆ ಕೆಳಗೆ:

```
=XIRR(B2:B25, A2:A25)
```

ಸಾಲುಗಳು ಎಷ್ಟಿವೆಯೋ ಅಷ್ಟಕ್ಕೆ ಸಂಖ್ಯೆ ಬದಲಿಸಿಕೊಳ್ಳಿ. ತಾರೀಖು ನಿಜವಾದ ತಾರೀಖಾಗಿ ಟೈಪ್ ಆಗಿರಬೇಕು. ಅಕ್ಷರದ ಹಾಗೆ ಕೂತಿದ್ದರೆ ದೋಷ ತೋರಿಸುತ್ತೆ. ಕೊನೆಯ ಸಾಲು ಮರೆತರೆ ಉತ್ತರ ತುಂಬಾ ಕಡಿಮೆ ಬರುತ್ತೆ. ಹೊಸಬರು ಎಡವೋದು ಹೆಚ್ಚಾಗಿ ಅಲ್ಲೇ.

ಗುರು ಅವರೇ, ನಿಮ್ಮ ಶೇ 11ರ ಬಗ್ಗೆ ಒಂದು ಮಾತು. ಹದಿನೈದು ವರ್ಷದ ಹಿಂದಿನ ಬೆಲೆಯಿಂದ ಇವತ್ತಿನ ಡಿವಿಡೆಂಡನ್ನು ಭಾಗಿಸಿದ್ದೀರಿ. ಕೇಳೋಕೆ ಚೆನ್ನಾಗಿದೆ. ಆದರೆ ಮಾರಬೇಕಾ ಇಟ್ಟುಕೊಳ್ಳಬೇಕಾ ಅನ್ನೋದಕ್ಕೆ ಅದು ಉಪಯೋಗಕ್ಕೆ ಬರಲ್ಲ. ಮಾರ್ಚ್ 2025ರ ಬೆಲೆಗೆ ಮಾರಿದರೆ ಕೈಗೆ ಬರೋದು 400, 232 ಅಲ್ಲ. ಆ 400ರ ಮೇಲೆ 26.50 ಅಂದ್ರೆ ಶೇ 6.6. ಹೋಲಿಸಬೇಕಾದ ಯೀಲ್ಡ್ ಇದು.

ಗುರು_ಹುಬ್ಬಳ್ಳಿ

ಒಪ್ಪಿದೆ ಸರ್. ಆದ್ರೂ ಶೇ 6.6 ಏನ್ ಕಡಿಮಿ ಅಲ್ಲ. ನನ್ನ ಲೆಕ್ಕದಾಗ ಯೀಲ್ಡ್ ಜಾಸ್ತಿ ಇದ್ದ ಷೇರು ಹುಡುಕಿ ಕೊಂಡ್ರ ಸಾಕ್ರಿ. ಬೆಲೆ ನೋಡೋದೇ ಬ್ಯಾಡ.

ಲೆಕ್ಕದ_ಮನೆ

ಅಲ್ಲೇ ಜನ ಸಿಕ್ಕಿಹಾಕಿಕೊಳ್ಳೋದು. ಇದೇ ಷೇರನ್ನು ತಗೊಳ್ಳಿ. 2016ರ ಮಾರ್ಚ್. ಬೆಲೆ ಅಂದಾಜು 290, ಆ ವರ್ಷದ ಡಿವಿಡೆಂಡ್ 27.40. ಯೀಲ್ಡ್ ಶೇ 9ರ ಮೇಲೆ. ಅದನ್ನು ನೋಡಿ ಒಬ್ಬರು ಕೊಂಡರು ಅಂದುಕೊಳ್ಳಿ. ಮುಂದಿನ ವರ್ಷ ಬಂದದ್ದು 19.90. ಆಮೇಲೆ 16.50, 13.10, 12. ನಾಲ್ಕೇ ವರ್ಷದಲ್ಲಿ ಡಿವಿಡೆಂಡ್ ಅರ್ಧಕ್ಕಿಂತ ಕೆಳಗೆ. ಬೆಲೆ ಮಾರ್ಚ್ 2020ರ ಕೊನೆಗೆ 140. ಬಂದ ಡಿವಿಡೆಂಡ್ ಎಲ್ಲ ಸೇರಿದರೂ 61.50. ಬೆಲೆಯಲ್ಲಿ ಕಳೆದದ್ದು 150.

ಇನ್ನೊಂದು ಗಮನಿಸಿ. ಮಾರ್ಚ್ 2020ರಲ್ಲಿ 140ಕ್ಕೆ 12 ಅಂದ್ರೆ ಯೀಲ್ಡ್ ಮತ್ತೆ ಶೇ 8.5 ಅಂತ ತೋರಿಸುತ್ತೆ. ಡಿವಿಡೆಂಡ್ ಕುಸಿದಿದೆ, ಆದರೂ ಯೀಲ್ಡ್ ಚೆನ್ನಾಗಿ ಕಾಣುತ್ತೆ. ಯಾಕಂದ್ರೆ ಭಾಗಿಸೋ ಬೆಲೆಯೂ ಹತ್ತಿರ ಹತ್ತಿರ ಅಷ್ಟೇ ಕುಸಿದಿದೆ. ಯೀಲ್ಡ್ ಏರಿದಾಗ ಮೊದಲು ನೋಡಬೇಕಾದ್ದು ಡಿವಿಡೆಂಡ್ ಏರಿದ್ದಾ, ಬೆಲೆ ಇಳಿದಿದ್ದಾ ಅಂತ.

2014ರ ಆ 29 ರೂಪಾಯಿಯೂ ಹಾಗೇ. ಆಗ ಕಂಪನಿಯ ಶೇ 90 ಪಾಲು ಕೇಂದ್ರ ಸರ್ಕಾರದ್ದು. ವರ್ಷಗಳಿಂದ ಕೂಡಿಟ್ಟ ಹಣದಿಂದ ಕೊಟ್ಟ ದೊಡ್ಡ ಮಧ್ಯಂತರ ಡಿವಿಡೆಂಡ್ ಅದು. ಅದನ್ನೇ ಪ್ರತಿ ವರ್ಷ ಬರುತ್ತೆ ಅಂತ ಹಿಡಿದವರು ಮರುವರ್ಷ 20.70 ನೋಡಿದರು.

ಡಲ್ಲಾಸ್_ದೀಪು

ನಾನು ಅಮೆರಿಕದಲ್ಲಿದ್ದೀನಿ, ಮೂಲ ಮಂಡ್ಯ. ಸುಮಾ ಅವರೇ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದೇ ಬೇಡ. ಅಪ್ಪನ ಡಿಮ್ಯಾಟ್ ಖಾತೆಗೆ ಹೋಗಿ ಡ್ರಿಪ್ ಆನ್ ಮಾಡಿ. ಡಿವಿಡೆಂಡ್ ಬಂದ ಕೂಡಲೇ ಅದೇ ಷೇರು ತಾನಾಗಿ ಕೊಂಡುಕೊಳ್ಳುತ್ತೆ. ನನ್ನ ಖಾತೆಯಲ್ಲಿ ಹಾಗೇ ಇದೆ. 0.37 ಷೇರು, 0.41 ಷೇರು ಅಂತ ಮೂರು ತಿಂಗಳಿಗೊಮ್ಮೆ ಸೇರ್ತಾ ಹೋಗುತ್ತೆ. ಐದು ವರ್ಷ ನೋಡದೇ ಬಿಟ್ಟಿದ್ದೆ, ಷೇರಿನ ಸಂಖ್ಯೆ ನೋಡಿ ನನಗೇ ಆಶ್ಚರ್ಯ ಆಯ್ತು.

ನಂದಿಬೆಟ್ಟ_ರವಿ

ದೀಪು, ಇಲ್ಲಿ ಷೇರುಗಳಿಗೆ ಆ ಸ್ವಿಚ್ ಇಲ್ಲ. ಡಿವಿಡೆಂಡ್ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತೆ. ಮತ್ತೆ ಕೊಳ್ಳಬೇಕು ಅಂದ್ರೆ ನಾವೇ ಆರ್ಡರ್ ಹಾಕಬೇಕು. ಷೇರಿನ ತುಂಡು ಕೊಳ್ಳೋಕೂ ಆಗಲ್ಲ. ಅಪ್ಪನಿಗೆ 2014ರಲ್ಲಿ 2,900 ಬಂತು. ಬೆಲೆ 260 ಅಂತ ಇಟ್ಟುಕೊಂಡರೆ 11 ಷೇರು ಬರುತ್ತೆ, 40 ರೂಪಾಯಿ ಉಳಿಯುತ್ತೆ, ಅದರಲ್ಲೇ ಬ್ರೋಕರೇಜ್ ಹೋಗುತ್ತೆ. ಮೊದಲ ವರ್ಷ ಬಂದದ್ದು 390 ರೂಪಾಯಿ, ಆಗ ಬೆಲೆ 340ರ ಹತ್ತಿರ. ಒಂದು ಷೇರು ಬರುತ್ತಿತ್ತು ಅಷ್ಟೆ. ಸಣ್ಣ ಹೂಡಿಕೆಗೆ ಮರುಹೂಡಿಕೆ ಅನ್ನೋದು ಇಲ್ಲಿ ಕಾಗದದ ಮೇಲೆ ಇದ್ದಷ್ಟು ಸಲೀಸಲ್ಲ.

ಮ್ಯೂಚುವಲ್ ಫಂಡ್‌ನಲ್ಲಿ ಬೇರೆ. ಗ್ರೋತ್ ಆಯ್ಕೆ ತಗೊಂಡರೆ ಫಂಡ್‌ಗೆ ಬಂದ ಡಿವಿಡೆಂಡ್ ಒಳಗೇ ಉಳಿದು ಮತ್ತೆ ಹೂಡಿಕೆ ಆಗುತ್ತೆ.

ಡಲ್ಲಾಸ್_ದೀಪು

ಓ, ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್ ರವಿ. ಇಲ್ಲಿಯೂ ಒಂದು ವಿಷಯ ಇದೆ. ಹಣ ಕೈಗೆ ಬರದೇ ಷೇರಾಗಿ ಬದಲಾದರೂ ಆ ವರ್ಷದ ತೆರಿಗೆ ಕಟ್ಟಲೇಬೇಕು. ಮೊದಲ ವರ್ಷ ನಾನು ಅದನ್ನ ಮರೆತಿದ್ದೆ. ಜೊತೆಗೆ ಪ್ರತಿ ತುಂಡು ಷೇರಿಗೂ ಬೇರೆ ತಾರೀಖು, ಬೇರೆ ಕೊಂಡ ಬೆಲೆ. ಮಾರುವಾಗ ಅದನ್ನೆಲ್ಲ ನೋಡಬೇಕು.

ಕಡಲತೀರ_ಕುಂದಾಪುರ

ಲೆಕ್ಕದ ಮನೆಯವರೇ, ನೀವು ಹೇಳಿದ್ದನ್ನು ಯೋಚಿಸಿದೆ. ಬೆಲೆಯಿಂದ ಕಳೆದದ್ದನ್ನು ಎಲ್ಲಾದರೂ ಕೂಡಿಸಲೇಬೇಕು, ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ. ಡಿವಿಡೆಂಡ್ ಹಣದಿಂದ ಅದೇ ಷೇರು ಕೊಳ್ಳುತ್ತಾ ಹೋಗಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು ಅಂತ ಎಲ್ಲರೂ ಹೇಳುತ್ತಾರೆ. ಈ ಷೇರಿನಲ್ಲಿ ಅದು ನಿಜವಾ? ಹತ್ತು ವರ್ಷದಲ್ಲಿ ಬೆಲೆ ಇಳಿದಿತ್ತಲ್ಲ?

ಲೆಕ್ಕದ_ಮನೆ

ಇದು ಒಳ್ಳೆ ಪ್ರಶ್ನೆ. ನಿನ್ನೆ ರಾತ್ರಿ ಕೂತು ಹಾಕಿ ನೋಡಿದೆ. ಪ್ರತಿ ಡಿವಿಡೆಂಡ್ ಬಂದ ಹೊತ್ತಿನ ಅಂದಾಜು ಬೆಲೆ ಹಿಡಿದು, ತುಂಡು ಷೇರು ಸಿಗುತ್ತೆ ಅಂತ ಭಾವಿಸಿ, ತೆರಿಗೆ ಬಿಟ್ಟು ಮಾಡಿದ ಲೆಕ್ಕ. ಬೆಲೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು, ದಿಕ್ಕು ಬದಲಾಗಲ್ಲ.

ಮಾರ್ಚ್ 2021ರ ಹೊತ್ತಿಗೆ 100 ಷೇರು ಹತ್ತಿರ ಹತ್ತಿರ 195 ಆಗಿರುತ್ತಿತ್ತು. ಕೇಳೋಕೆ ಖುಷಿ. ಆದರೆ 130ರ ಬೆಲೆಗೆ ಅದರ ಮೌಲ್ಯ 25,350 ಅಷ್ಟೆ. ಹಣ ತೆಗೆದಿಟ್ಟುಕೊಂಡ ಅಪ್ಪನ ಹತ್ತಿರ 30,900 ಇತ್ತು. ಮರುಹೂಡಿಕೆ ಮಾಡಿದವರು 5,500 ಹಿಂದೆ! ಕಾರಣ ಸರಳ. 2012ರ ಡಿವಿಡೆಂಡ್‌ನಿಂದ 345ರ ಹತ್ತಿರ ಕೊಂಡರು, 2015ರದ್ದರಿಂದ 365ಕ್ಕೆ, 2017ರದ್ದರಿಂದ 295ಕ್ಕೆ. ಆ ಎಲ್ಲ ಷೇರೂ 130ಕ್ಕೆ ಇಳಿದವು. ಮರುಹೂಡಿಕೆ ಅಂದ್ರೆ ಅವತ್ತಿನ ಬೆಲೆಗೆ ಅದೇ ಷೇರನ್ನು ಮತ್ತೆ ಕೊಳ್ಳೋದು. ಬೆಲೆ ಇಳಿದರೆ ಹಳೇ ಷೇರಿನ ಜೊತೆ ಹೊಸದೂ ಇಳಿಯುತ್ತೆ.

ಈಗ ಅದೇ ಲೆಕ್ಕವನ್ನು ಮಾರ್ಚ್ 2025ಕ್ಕೆ ತನ್ನಿ. 2020, 2021, 2022ರಲ್ಲಿ ಬೆಲೆ ನೆಲ ಕಚ್ಚಿದ್ದಾಗ ಡಿವಿಡೆಂಡ್ ನಿಲ್ಲಲಿಲ್ಲ. ಆಗ ಒಂದೊಂದು ವರ್ಷದ ಹಣಕ್ಕೂ ಷೇರಿನ ಸಂಖ್ಯೆ ಶೇ 8, ಶೇ 10 ಜಾಸ್ತಿ ಆಗ್ತಾ ಹೋಗುತ್ತೆ. 100 ಷೇರು ಸುಮಾರು 270ಕ್ಕೆ ಮುಟ್ಟುತ್ತೆ. 400ರ ಬೆಲೆಗೆ 1,08,000. ಹಣ ತೆಗೆದುಕೊಂಡವರ 67,000ಕ್ಕಿಂತ ಎಷ್ಟೋ ಮೇಲೆ. ಅಗ್ಗದ ಬೆಲೆಗೆ ಕೊಂಡ ಷೇರುಗಳೇ ಆ ಅಂತರವನ್ನು ತಂದದ್ದು.

ಆದರೆ ರೂಪಾಯಿ ನೋಡಿ ಮೋಸ ಹೋಗಬೇಡಿ. ವರ್ಷದ ದರ ನೋಡಿದರೆ ಮರುಹೂಡಿಕೆಗೆ ಶೇ 11ರ ಆಸುಪಾಸು, ನಗದು ತೆಗೆದದ್ದಕ್ಕೆ ಶೇ 10ರ ಮೇಲೆ. ದರದಲ್ಲಿ ಒಂದು ಪಾಯಿಂಟ್ ವ್ಯತ್ಯಾಸ ಕೂಡ ಇಲ್ಲದಷ್ಟು ಹತ್ತಿರ. ಮೊತ್ತ ಅಷ್ಟು ದೂರ ಹೋಗೋಕೆ ಕಾರಣ, ಮರುಹೂಡಿಕೆ ಮಾಡಿದವರ ಹಣ ಪೂರ್ತಿ ಒಳಗೇ ದುಡಿಯಿತು. ಅಪ್ಪನ ಹಣ ಹೊರಗೆ ಬಂದು ಬೇರೆ ಕೆಲಸಕ್ಕೆ ಹೋಯಿತು. ಆ 27,000ವನ್ನು ಅವರು ಬ್ಯಾಂಕಿನಲ್ಲಿ ಇಟ್ಟಿದ್ದರೆ ಅದಕ್ಕೂ ಬಡ್ಡಿ ಸೇರುತ್ತಿತ್ತು. ನಾನು ಅದನ್ನು ಸೇರಿಸಿಲ್ಲ.

ನಂದಿಬೆಟ್ಟ_ರವಿ

ಇದಕ್ಕೆ ಒಂದು ಸೇರಿಸ್ತೀನಿ. ಈ ಷೇರನ್ನು ನಿಫ್ಟಿ ಜೊತೆ ಹೋಲಿಸೋರು ಇನ್ನೊಂದು ತಪ್ಪು ಮಾಡ್ತಾರೆ. ಟಿವಿಯಲ್ಲಿ ಓಡೋ ನಿಫ್ಟಿ ಬರೀ ಬೆಲೆಯ ಸೂಚ್ಯಂಕ. ಅದರೊಳಗಿನ 50 ಕಂಪನಿಗಳು ಕೊಟ್ಟ ಡಿವಿಡೆಂಡ್ ಅದರಲ್ಲಿ ಇಲ್ಲ. ಎನ್‌ಎಸ್‌ಇಯವರೇ ಡಿವಿಡೆಂಡ್ ಮರುಹೂಡಿಕೆ ಸೇರಿಸಿ ನಿಫ್ಟಿ 50 ಟಿಆರ್‌ಐ ಅಂತ ಬೇರೆ ಸೂಚ್ಯಂಕ ಕೊಡ್ತಾರೆ. 2010ರ ನವೆಂಬರ್‌ನಲ್ಲಿ ನಿಫ್ಟಿ 6,300ರ ಹತ್ತಿರ, ಮಾರ್ಚ್ 2025ಕ್ಕೆ 23,500. ವರ್ಷಕ್ಕೆ ಶೇ 9.5ರ ಚಿಲ್ಲರೆ. ಡಿವಿಡೆಂಡ್ ಸೇರಿಸಿದರೆ ಇನ್ನೂ ಒಂದು ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ.

ಕೋಲ್ ಇಂಡಿಯಾದ ಡಿವಿಡೆಂಡ್ ಸೇರಿಸಿ ನಿಫ್ಟಿಯದ್ದು ಬಿಟ್ಟರೂ ಅನ್ಯಾಯ, ಇದಕ್ಕೆ ಉಲ್ಟಾ ಮಾಡಿದರೂ ಅನ್ಯಾಯ. ಹಿಂದೆ ಫಂಡ್ ಕಂಪನಿಗಳು ತಮ್ಮ ಗಳಿಕೆಯನ್ನು ಬರೀ ಬೆಲೆಯ ಸೂಚ್ಯಂಕದ ಜೊತೆ ಹೋಲಿಸಿ ತೋರಿಸ್ತಿದ್ದವು. ಫಂಡ್‌ಗೆ ಡಿವಿಡೆಂಡ್ ಬಂದಿರುತ್ತೆ, ಸೂಚ್ಯಂಕಕ್ಕೆ ಬಂದಿರಲ್ಲ, ಹಾಗಾಗಿ ಫಂಡ್ ಸುಲಭವಾಗಿ ಗೆದ್ದ ಹಾಗೆ ಕಾಣ್ತಿತ್ತು. 2018ರ ಫೆಬ್ರವರಿಯಿಂದ ಟಿಆರ್‌ಐ ಜೊತೆಗೇ ಹೋಲಿಸಬೇಕು ಅಂತ ಸೆಬಿ ನಿಯಮ ತಂತು. ನನ್ನ ಪ್ರಕಾರ ತುಂಬಾ ಮೊದಲೇ ಬರಬೇಕಿತ್ತು.

ಜರ್ಮನಿಯ ಡ್ಯಾಕ್ಸ್ ಇದಕ್ಕೆ ಉಲ್ಟಾ. ಸುದ್ದಿಯಲ್ಲಿ ಬರೋ ಡ್ಯಾಕ್ಸ್‌ನಲ್ಲಿ ಡಿವಿಡೆಂಡ್ ಆಗಲೇ ಸೇರಿರುತ್ತೆ. ಅದರ ಪಕ್ಕ ಬರೀ ನಿಫ್ಟಿ ಇಟ್ಟು ಹೋಲಿಸಿದರೆ ನಮ್ಮದಕ್ಕೆ ಸುಮ್ನೆ ಕಡಿಮೆ ಅಂಕ ಬೀಳುತ್ತೆ.

ಸುಮಾ_ಹಾಸನ

ರವಿ ಅವರೇ, ತಮ್ಮ ನಿನ್ನೆ ಯಾಹೂ ಫೈನಾನ್ಸ್‌ನಲ್ಲಿ ಹಳೇ ಬೆಲೆ ಡೌನ್‌ಲೋಡ್ ಮಾಡಿದ. ಅದರಲ್ಲಿ `Close` ಅಂತ ಒಂದು, `Adj Close` ಅಂತ ಇನ್ನೊಂದು. ಲಿಸ್ಟ್ ಆದ ದಿನ ಷೇರು 342ಕ್ಕೆ ಮುಗಿದಿತ್ತು ಅಂತ ಅಪ್ಪನಿಗೆ ಚೆನ್ನಾಗಿ ನೆನಪಿದೆ. `Adj Close`ನಲ್ಲಿ ಅದರ ಅರ್ಧವೂ ಇಲ್ಲ. ತಪ್ಪು ಮಾಹಿತಿನಾ?

ನಂದಿಬೆಟ್ಟ_ರವಿ

ತಪ್ಪಲ್ಲ. ಆ ಕಾಲಂನಲ್ಲಿ ಆಮೇಲೆ ಬಂದ ಪ್ರತಿ ಡಿವಿಡೆಂಡ್‌ಗೂ ತಕ್ಕ ಹಾಗೆ ಹಿಂದಿನ ಬೆಲೆಗಳನ್ನೆಲ್ಲ ಇಳಿಸಿರ್ತಾರೆ. ಆ ಕಾಲಂನ ಮೊದಲ ಮತ್ತು ಕೊನೆಯ ಸಂಖ್ಯೆ ಹಿಡಿದರೆ ಬರೋದು ಮರುಹೂಡಿಕೆ ಸೇರಿದ ಗಳಿಕೆ. ಅದು ಯಾವತ್ತೂ ವಹಿವಾಟಾದ ಬೆಲೆ ಅಲ್ಲ. ಅಪ್ಪನ ನೆನಪು ಸರಿ ಇದೆ.

ಎಡವೋದು ಹೀಗೆ. `Adj Close` ತಗೊಂಡು ಅದರ ಮೇಲೆ ಡಿವಿಡೆಂಡನ್ನೂ ಕೂಡಿಸಿಬಿಡ್ತಾರೆ. ಒಂದೇ ಹಣ ಎರಡು ಸಲ ಎಣಿಸಿದ ಹಾಗೆ ಆಗುತ್ತೆ. `Close` ತಗೊಂಡರೆ ಡಿವಿಡೆಂಡ್ ಸೇರಿಸಿ, `Adj Close` ತಗೊಂಡರೆ ಸೇರಿಸಬೇಡಿ.

ಶಾಂತಕ್ಕ_ಮೈಸೂರು

ನನಗೆ ಈ ಲೆಕ್ಕವೆಲ್ಲ ಪೂರ್ತಿ ಅರ್ಥ ಆಗಲಿಲ್ಲ. ಆದರೆ ಡಿವಿಡೆಂಡ್ ಬಗ್ಗೆ ಅಂದಿದ್ದಕ್ಕೆ ಕೇಳ್ತೀನಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಷೇರು ನನ್ನ ಹೆಸರಿಗೆ ಬಂತು. ನಮ್ಮ ಬ್ಯಾಂಕ್ ಇನ್ನೊಂದು ಬ್ಯಾಂಕಿನ ಜೊತೆ ಸೇರಿ ಐಎಫ್‌ಎಸ್‌ಸಿ ಬದಲಾಯಿತು. ಯಾರೂ ಹೇಳಲಿಲ್ಲ. ಡಿಮ್ಯಾಟ್‌ನಲ್ಲಿ ಹಳೇ ಕೋಡೇ ಉಳಿದಿತ್ತು. ಒಂದೂವರೆ ವರ್ಷ ಒಂದು ರೂಪಾಯಿ ಡಿವಿಡೆಂಡೂ ಬರಲಿಲ್ಲ. ಕಂಪನಿಗಳು ಕೊಡೋದು ನಿಲ್ಲಿಸಿವೆ ಅಂತಲೇ ಅಂದುಕೊಂಡಿದ್ದೆ. ಆ ಹಣ ಹೋಯ್ತಾ?

ಲೆಕ್ಕದ_ಮನೆ

ಹೋಗಿಲ್ಲ ಅಕ್ಕ. ವಾಪಸ್ ಬಂದ ಡಿವಿಡೆಂಡನ್ನು ಕಂಪನಿ ಬೇರೆ ಖಾತೆಯಲ್ಲಿ ಇಡಬೇಕು. ಏಳು ವರ್ಷ ಯಾರೂ ಕೇಳದಿದ್ದರೆ ಅದು ಐಇಪಿಎಫ್ ಅನ್ನೋ ಸರ್ಕಾರದ ನಿಧಿಗೆ ಹೋಗುತ್ತೆ. ಏಳು ವರ್ಷ ಸತತವಾಗಿ ಕೇಳದೇ ಬಿಟ್ಟರೆ ಷೇರು ಕೂಡ ಅಲ್ಲಿಗೆ ಹೋಗುತ್ತೆ. ಅಲ್ಲಿಂದಲೂ ವಾಪಸ್ ಪಡೆಯಬಹುದು, ಆದರೆ ಓಡಾಟ ಜಾಸ್ತಿ. ಮೊದಲು ಡಿಮ್ಯಾಟ್ ಖಾತೆ ಇರುವ ಕಡೆ ಹೊಸ ಐಎಫ್‌ಎಸ್‌ಸಿ ಕೊಡಿ. ಆಮೇಲೆ ಒಂದೊಂದು ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳೋ ರಿಜಿಸ್ಟ್ರಾರ್‌ಗೂ ರದ್ದಾದ ಚೆಕ್ ಜೊತೆ ಅರ್ಜಿ ಹಾಕಿ.

ಸುಮಾ ಅವರೇ, ನೀವೂ ಅಪ್ಪನ ಪಾಸ್‌ಬುಕ್ ನೋಡಿ. ನಾನು ಹಾಕಿದ್ದು ಕಂಪನಿ ಘೋಷಿಸಿದ ಲೆಕ್ಕ. ನಿಜವಾಗಿ ಖಾತೆಗೆ ಬಿದ್ದದ್ದು ಅಷ್ಟೇ ಇದೆಯಾ ಅಂತ ತಾಳೆ ನೋಡಬೇಕು.

ಹಾಗೆಯೇ ತೆರಿಗೆ. 2020ರ ಏಪ್ರಿಲ್‌ಗೆ ಮೊದಲು ಕಂಪನಿಯೇ ಡಿವಿಡೆಂಡ್ ತೆರಿಗೆ ಕಟ್ಟುತ್ತಿತ್ತು. ಘೋಷಿಸಿದ್ದು ಅಪ್ಪನಿಗೆ ಪೂರ್ತಿ ಬರುತ್ತಿತ್ತು. ಆಮೇಲೆ ಅದು ಷೇರುದಾರರ ಆದಾಯಕ್ಕೆ ಸೇರಿತು. ಅಪ್ಪನ ಪಿಂಚಣಿ ತೆರಿಗೆಗೆ ಬರದಷ್ಟಿದ್ದರೆ ಚಿಂತೆ ಇಲ್ಲ. ತಮ್ಮ ಶೇ 30ರ ಹಂತದಲ್ಲಿದ್ದು ಇದೇ ಷೇರು ಅವನ ಹೆಸರಿನಲ್ಲಿದ್ದರೆ 26.50ರಲ್ಲಿ ಕೈಗೆ ಉಳಿಯೋದು 18 ಚಿಲ್ಲರೆ. ಮರುಹೂಡಿಕೆಗೆ ಸಿಗೋದೂ ಅಷ್ಟೇ. ನಾನು ಹೇಳಿದ 270 ಷೇರಿನ ಲೆಕ್ಕ ಅವನಿಗೆ ಹೊಂದಲ್ಲ. ಟಿಆರ್‌ಐಯಲ್ಲೂ ಈ ತೆರಿಗೆ ಇಲ್ಲ. ಜೊತೆಗೆ ಅದು ಎಕ್ಸ್-ಡೇಟ್ ದಿನವೇ ಮರುಹೂಡಿಕೆ ಆಯಿತು ಅಂತ ಹಿಡಿಯುತ್ತೆ. ನಮ್ಮ ಖಾತೆಗೆ ಹಣ ಬರೋದು ವಾರಗಳ ಮೇಲೆ.

ಕಡಲತೀರ_ಕುಂದಾಪುರ

2016ರಲ್ಲಿ ಕಂಪನಿ ಬೈಬ್ಯಾಕ್ ಮಾಡಿತ್ತು, ಅಂದರೆ ಷೇರುದಾರರಿಂದ 335ಕ್ಕೆ ಷೇರು ವಾಪಸ್ ಕೊಂಡಿತ್ತು. ಅದನ್ನು ಈ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತೀರಿ? ಅದೂ ಷೇರುದಾರರಿಗೆ ಕೊಟ್ಟ ಹಣವೇ ಅಲ್ಲವೇ?

ಲೆಕ್ಕದ_ಮನೆ

ಸುಮಾ ಅವರ ಅಪ್ಪ ಒಂದೂ ಷೇರು ಮಾರಿಲ್ಲ ಅಂದಿದ್ದಾರೆ. ಹಾಗಾಗಿ ಅವರ ಶೀಟ್‌ಗೆ ಅದು ಬರಲ್ಲ. ಬೈಬ್ಯಾಕ್‌ಗೆ ಷೇರು ಕೊಟ್ಟಿದ್ದವರಿಗೆ ಅದು ಆ ತಾರೀಖಿನ ಒಂದು ಪ್ಲಸ್ ಸಾಲು, ಷೇರಿನ ಸಂಖ್ಯೆ ಅಷ್ಟು ಕಡಿಮೆ. ಕೊಡದವರಿಗೆ ಪರೋಕ್ಷವಾಗಿ ಎಷ್ಟು ಲಾಭ ಆಯಿತು ಅನ್ನೋದನ್ನು ಬೆಲೆಯಿಂದ ಬೇರೆ ಮಾಡಿ ತೋರಿಸೋಕೆ ನನಗೆ ದಾರಿ ಕಾಣ್ತಿಲ್ಲ.

ಗುರು_ಹುಬ್ಬಳ್ಳಿ

ಎಲ್ಲಾ ಸರಿ, ಕಡೀಗೆ ಮಾರಬೇಕೋ ಬ್ಯಾಡೋ? ಕಲ್ಲಿದ್ದಲು ಇನ್ನೂ ಇಪ್ಪತ್ತು ವರ್ಷ ಬೇಕಾಗ್ತದ ಅಂತ ನನ್ನ ನಂಬಿಕೆ.

ನಂದಿಬೆಟ್ಟ_ರವಿ

ನನಗೆ ಆ ನಂಬಿಕೆ ಇಲ್ಲ ಗುರು ಅವರೇ. ಸೋಲಾರ್ ಇಷ್ಟು ವೇಗವಾಗಿ ಬರ್ತಿರುವಾಗ 26.50 ಹೀಗೇ ಬರ್ತಾ ಇರುತ್ತೆ ಅಂತ ನಾನು ಹಿಡಿಯಲ್ಲ. ಹಿಂದಿನ ಗಳಿಕೆಯ ಲೆಕ್ಕ ಸರಿಯಾಯ್ತು. ಮುಂದಿನದಕ್ಕೆ ಅದು ಉತ್ತರ ಕೊಡಲ್ಲ.

ಸುಮಾ_ಹಾಸನ

ಎರಡು ದಿನ ತಡವಾಗಿ ಬರೀತಿದ್ದೀನಿ. ಭಾನುವಾರ ಅಪ್ಪ ಬೀರುವಿನಿಂದ ಹಳೇ ಪಾಸ್‌ಬುಕ್ ಐದೂ ತೆಗೆದರು. ಜೊತೆಗೆ ಒಂದು ಕಂದು ರಟ್ಟಿನ ನೋಟ್‌ಬುಕ್. ಪ್ರತಿ ಡಿವಿಡೆಂಡ್‌ನ ಮುಂದೆ ಯಾವುದಕ್ಕೆ ಖರ್ಚಾಯಿತು ಅಂತ ಬರೆದಿದ್ದಾರೆ. 2014ರ ಜನವರಿ, 2,900, "ಸುಮಾ ಬಿ.ಎಡ್ ಫೀಸಿಗೆ". 2016ರ ಮಾರ್ಚ್, 2,740, "ಬೋರ್‌ವೆಲ್ ಮೋಟರ್ ರಿಪೇರಿ". ತಮ್ಮ ಅದನ್ನು ಓದಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಶೀಟ್‌ಗೆ ಹೊಸ ಕಾಲಂ ಹಾಕಿ ತಾನೇ ಒಂದೊಂದು ಸಾಲೂ ಟೈಪ್ ಮಾಡಿದ.

ಮಾರ್ಚ್ 2021ರವರೆಗೆ 17,900 ಸರಿಯಾಗಿ ಹೊಂದಿತು. ಆಮೇಲೆ ಎರಡು ಸಾಲು ಸಿಗಲಿಲ್ಲ. 2021ರ ಸೆಪ್ಟೆಂಬರ್‌ನ 350, ಡಿಸೆಂಬರ್‌ನ 900. ಶಾಂತಕ್ಕ ಹೇಳಿದ ಹಾಗೇ ಆಗಿದೆ. ಅಪ್ಪನ ಬ್ಯಾಂಕಿನ ಕೋಡ್ ಆ ವರ್ಷವೇ ಬದಲಾಗಿತ್ತು. ಅವರು ಅದನ್ನು ಡಿಮ್ಯಾಟ್‌ನಲ್ಲಿ ಬದಲಿಸಿದ್ದು 2022ರ ಜನವರಿಯಲ್ಲಿ. ಏಳು ವರ್ಷ ಮುಗಿಯೋಕೆ 2028ರ ಕೊನೆವರೆಗೆ ಸಮಯ ಇದೆ. ರಿಜಿಸ್ಟ್ರಾರ್‌ಗೆ ಅರ್ಜಿ ಬರೆದಿದ್ದೀನಿ, ನಾಳೆ ಸ್ಪೀಡ್ ಪೋಸ್ಟ್ ಮಾಡ್ತೀನಿ.

ಮಾರೋ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ತಮ್ಮ ಈಗ "ಅರ್ಧ ಮಾರೋಣ" ಅಂತಿದ್ದಾನೆ. ಅಪ್ಪ ಆ 1,250 ಮೊದಲು ಬರಲಿ ಅಂತಿದ್ದಾರೆ.